ಕಾರು ಹಳತಾಯಿತು, ಪ್ರೀಮಿಯಂ ಯಾಕೆ ಏರಿತು?

ಹೊಸ ಕಾರು ಕೊಂಡು ಮೂರು ವರ್ಷ ತುಂಬಿದ ಮೇಲೆ ವಿಮೆ ನವೀಕರಣದ ಚೀಟಿ ಬಂದಾಗ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಏಳುತ್ತದೆ. ಗಾಡಿಯ ಬೆಲೆ ಇಳಿದಿದೆ, ಒಂದು ಕ್ಲೇಮನ್ನೂ ಮಾಡಿಲ್ಲ, ಎನ್‌ಸಿಬಿ ರಿಯಾಯಿತಿ ಹೆಚ್ಚಾಗಿರಬೇಕು. ಆದರೂ ಕಟ್ಟಬೇಕಾದ ಹಣ ಹೋದ ವರ್ಷಕ್ಕಿಂತ ಎರಡು ಸಾವಿರ ಜಾಸ್ತಿ. ಏಜೆಂಟರನ್ನು ಕೇಳಿದರೆ "ಈ ವರ್ಷ ರೇಟು ಹಂಗೇ ಇದೆ ಸಾರ್" ಎನ್ನುತ್ತಾರೆ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಅಷ್ಟಕ್ಕೇ ಸುಮ್ಮನಾಗುವ ಅಗತ್ಯವೂ ಇಲ್ಲ. ಪ್ರೀಮಿಯಂ ಪಟ್ಟಿಯ ಪ್ರತಿ ಸಾಲಿನ ಹಿಂದೆಯೂ ಒಂದು ಲೆಕ್ಕ ಇದೆ. ಆ ಲೆಕ್ಕಕ್ಕೆ ಗುಣಾಕಾರ ಮತ್ತು ಶೇಕಡಾ ಗೊತ್ತಿದ್ದರೆ ಸಾಕು, ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಮನೆಯಲ್ಲೇ ಕೂತು ತಾಳೆ ನೋಡಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಒಬ್ಬ ಹೈಸ್ಕೂಲು ಮೇಷ್ಟ್ರ ಬಳಿ 1197 ಸಿಸಿ ಪೆಟ್ರೋಲ್ ಕಾರು ಇದೆ, ಸ್ವಂತ ಬಳಕೆಯದು. ಕಾರಿನ ವಯಸ್ಸು ಮೂರು ವರ್ಷ ದಾಟಿದೆ, ನಾಲ್ಕು ತುಂಬಿಲ್ಲ. ಈವರೆಗೆ ಕ್ಲೇಮು ಮಾಡಿಲ್ಲ. ಅದೇ ಮಾದರಿಯ ಹೊಸ ಕಾರಿನ ಎಕ್ಸ್ ಷೋರೂಂ ಬೆಲೆ ಇವತ್ತು 7,50,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅವರ ಕೈಗೆ ಬಂದ ಪಟ್ಟಿಯ ಮೊತ್ತ 12,513 ರೂಪಾಯಿ. ಹೋದ ವರ್ಷ ಅವರು ಕಟ್ಟಿದ್ದು 10,524.

ಮೊದಲು ಈ ಏರಿಕೆಯ ಕಾರಣ ನೋಡೋಣ. ಕಾರಿನ ವಿಮೆ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದರೊಳಗೆ ಎರಡು ಬೇರೆ ಬೇರೆ ವಿಮೆಗಳಿವೆ. ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ ವಿಮೆ. ಇದು ಕಾನೂನಿನ ಪ್ರಕಾರ ಕಡ್ಡಾಯ. ನಮ್ಮದೇ ಗಾಡಿಗೆ ಆಗುವ ಹಾನಿಗೆ, ಕಳ್ಳತನಕ್ಕೆ ಓನ್ ಡ್ಯಾಮೇಜ್ ವಿಮೆ, ಪಟ್ಟಿಯಲ್ಲಿ ಒಡಿ ಎಂದು ಇರುತ್ತದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರು ಕೊಳ್ಳುವಾಗ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಸುಪ್ರೀಂ ಕೋರ್ಟಿನ ನಿರ್ದೇಶನದ ಮೇಲೆ ಬಂದ ಕ್ರಮ ಇದು. ದ್ವಿಚಕ್ರ ವಾಹನಕ್ಕಾದರೆ ಐದು ವರ್ಷ. ಷೋರೂಮಿನಲ್ಲಿ ಕೊಟ್ಟ ದೊಡ್ಡ ಮೊತ್ತದಲ್ಲಿ ಅದು ಸೇರಿಹೋಗಿರುವುದರಿಂದ ಯಾರಿಗೂ ನೆನಪಿರುವುದಿಲ್ಲ. ಎರಡನೇ, ಮೂರನೇ ವರ್ಷ ಮೇಷ್ಟ್ರು ಕಟ್ಟಿದ್ದರಲ್ಲಿ ಥರ್ಡ್ ಪಾರ್ಟಿ ಹಣ ಇರಲೇ ಇಲ್ಲ. ನಾಲ್ಕನೇ ವರ್ಷಕ್ಕೆ ಅದು ಮತ್ತೆ ಪಟ್ಟಿಗೆ ಬಂತು. ತೆರಿಗೆ ಸೇರಿ ಈ ಭಾಗ 4,090 ರೂಪಾಯಿ. ಉಳಿದ ಭಾಗ ನಿಜಕ್ಕೂ 2,100 ರೂಪಾಯಿಯಷ್ಟು ಇಳಿದಿದೆ. ಇಳಿದದ್ದನ್ನು ಬಂದದ್ದು ನುಂಗಿತು, ಅಷ್ಟೆ.

ಥರ್ಡ್ ಪಾರ್ಟಿ ದರದಲ್ಲಿ ಚೌಕಾಸಿಗೆ ಜಾಗವಿಲ್ಲ. ಕಂಪನಿ ಯಾವುದಾದರೂ ದರ ಒಂದೇ, ಯಾಕೆಂದರೆ ಅದನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ ಖಾಸಗಿ ಕಾರುಗಳಿಗೆ 1000 ಸಿಸಿವರೆಗೆ 2,094 ರೂಪಾಯಿ, 1000 ದಾಟಿ 1500ರವರೆಗೆ 3,416, ಅದಕ್ಕೂ ಮೇಲ್ಪಟ್ಟರೆ 7,897. ನವೀಕರಣದ ಹೊತ್ತಿಗೆ ಹೊಸ ಅಧಿಸೂಚನೆ ಬಂದಿದೆಯೇ ಎಂದು ನೋಡಿಕೊಂಡರೆ ಈ ಸಾಲಿನ ಪರೀಕ್ಷೆ ಅರ್ಧ ನಿಮಿಷದ ಕೆಲಸ. ಮಾಡಬೇಕಾದ್ದು ಒಂದೇ: ಪಟ್ಟಿಯಲ್ಲಿರುವ ಸಿಸಿ ಮತ್ತು ಆರ್‌ಸಿಯಲ್ಲಿರುವ ಸಿಸಿ ಒಂದೇ ಆಗಿದೆಯೇ ಎಂದು ನೋಡುವುದು. ಒಂದೇ ಹೆಸರಿನ ಕಾರು 998 ಸಿಸಿಯಲ್ಲೂ 1197 ಸಿಸಿಯಲ್ಲೂ ಸಿಗುವ ಕಾಲ ಇದು. ಕಂಪ್ಯೂಟರಿನಲ್ಲಿ ಮಾದರಿ ಆರಿಸುವಾಗ ಒಂದು ಸಾಲು ತಪ್ಪಿದರೆ ಎಲ್ಲ ಅಂಕಿಗಳೂ ತಪ್ಪುತ್ತವೆ.

ಇನ್ನು ನಿಜವಾದ ಲೆಕ್ಕ ಇರುವುದು ಒಡಿ ಭಾಗದಲ್ಲಿ. ಅದರ ಬುನಾದಿ ಐಡಿವಿ, ಅಂದರೆ ವಿಮೆ ಮಾಡಿಸುವಾಗ ಕಂಪನಿಯೂ ನಾವೂ ಒಪ್ಪಿಕೊಂಡು ಘೋಷಿಸಿದ ಗಾಡಿಯ ಬೆಲೆ. ಕಾರು ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ ಶೇ 75 ದಾಟುವಷ್ಟು ಜಖಂ ಆದರೆ, ಕಂಪನಿ ಕೊಡುವ ಹಣಕ್ಕೆ ಆಧಾರ ಈ ಅಂಕಿಯೇ. ಸಂತೆಯಲ್ಲಿ ನಿಮ್ಮ ಕಾರಿಗೆ ಎಷ್ಟು ಬೆಲೆ ಬರುತ್ತದೆ ಎಂಬುದು ಆಗ ಲೆಕ್ಕಕ್ಕಿಲ್ಲ.

ಐಡಿವಿ ಹಾಕುವ ಕ್ರಮ ಹೀಗಿದೆ. ಪಾಲಿಸಿ ಶುರುವಾಗುವ ದಿನ ಅದೇ ಮಾದರಿಯ ಹೊಸ ಗಾಡಿಗೆ ತಯಾರಕರು ಪ್ರಕಟಿಸಿರುವ ಮಾರಾಟ ಬೆಲೆ ಎಷ್ಟೋ ಅದನ್ನು ತೆಗೆದುಕೊಳ್ಳಬೇಕು. ರಸ್ತೆ ತೆರಿಗೆ, ನೋಂದಣಿ, ವಿಮೆಯ ಖರ್ಚು ಇದರಲ್ಲಿ ಸೇರುವುದಿಲ್ಲ. ಆ ಬೆಲೆಯಿಂದ ಗಾಡಿಯ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ಆರು ತಿಂಗಳವರೆಗೆ ಶೇ 5, ಅಲ್ಲಿಂದ ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಐದು ದಾಟಿದ ಗಾಡಿಗೆ ಪಟ್ಟಿಯೇ ಇಲ್ಲ. ಕಂಪನಿಯೂ ಮಾಲೀಕರೂ ಮಾತಾಡಿ ಒಂದು ಅಂಕಿಗೆ ಬರಬೇಕು. ನಮ್ಮ ಮೇಷ್ಟ್ರ ಕಾರು ಶೇ 40ರ ಸಾಲಿಗೆ ಬರುತ್ತದೆ. 7,50,000ದಲ್ಲಿ 3,00,000 ಕಳೆದರೆ ಐಡಿವಿ 4,50,000.

ಇಲ್ಲಿ ಬಹಳ ಜನ ಎಡವುವುದು ಮೊದಲ ಅಂಕಿಯಲ್ಲೇ. ತಾವು ಕೊಂಡಾಗ ಕೊಟ್ಟ ಬೆಲೆಯಿಂದ ಸವಕಳಿ ಕಳೆಯುತ್ತಾರೆ. ಆದರೆ ಲೆಕ್ಕಕ್ಕೆ ಬೇಕಾದದ್ದು ಇವತ್ತಿನ ಬೆಲೆ. ಬೆಲೆ ಏರಿದ್ದರೆ ಐಡಿವಿ ನಾವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತದೆ. ಇಳಿದಿದ್ದರೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಅದರ ಮೇಲಿನ ಸೆಸ್ ಕೂಡ ಹೋದಾಗ ಹೊಸ ಕಾರುಗಳ ಬೆಲೆ ತಗ್ಗಿತು. ಅದರ ಜೊತೆಗೇ ಮನೆಯ ಮುಂದೆ ನಿಂತಿರುವ ಹಳೆಯ ಕಾರುಗಳ ಐಡಿವಿಯೂ ವಯಸ್ಸಿನ ಸವಕಳಿಯನ್ನು ಮೀರಿ ತಗ್ಗಬಹುದು. ಹೋದ ವರ್ಷದ ಅಂಕಿಗೂ ಈ ವರ್ಷದ್ದಕ್ಕೂ ದೊಡ್ಡ ಅಂತರ ಕಂಡರೆ ಇದೂ ಒಂದು ಕಾರಣವಾಗಿರಬಹುದು. ಮಾರುಕಟ್ಟೆಯಿಂದ ಹೋದ ಮಾದರಿಯಾದರೆ ಕೊನೆಯದಾಗಿ ಪ್ರಕಟವಾದ ಬೆಲೆಯನ್ನು ಹಿಡಿಯುತ್ತಾರೆ. ಆಮೇಲೆ ಹಾಕಿಸಿದ ಸ್ಟೀರಿಯೊ, ಗ್ಯಾಸ್ ಕಿಟ್ ಮುಂತಾದವು ಕಂಪನಿಯ ಬೆಲೆಯಲ್ಲಿ ಸೇರಿಲ್ಲದಿದ್ದರೆ ಪ್ರತ್ಯೇಕವಾಗಿ ಬರೆಸಬೇಕು. ಬರೆಸದಿದ್ದರೆ ಅವುಗಳಿಗೆ ವಿಮೆ ಇಲ್ಲ.

ಐಡಿವಿ ಸಿಕ್ಕಿತು. ಈಗ ಅದರ ಮೇಲೆ ದರ. 2002ರ ಭಾರತೀಯ ಮೋಟಾರು ದರಪಟ್ಟಿಯಲ್ಲಿ ಊರು, ಸಿಸಿ, ವಯಸ್ಸು ನೋಡಿ ಶೇಕಡಾವಾರು ದರ ಕೊಟ್ಟಿದ್ದರು. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ಅಹಮದಾಬಾದ್, ಕೋಲ್ಕತ್ತ, ನವದೆಹಲಿ ಎ ವಲಯ. ದೇಶದ ಉಳಿದ ಊರುಗಳೆಲ್ಲ ಬಿ ವಲಯ. ಇದರಲ್ಲಿ ದಾವಣಗೆರೆ, ಹುಬ್ಬಳ್ಳಿ, ಮಂಗಳೂರು ಎಲ್ಲ ಬಿ. ಐದು ವರ್ಷದೊಳಗಿನ 1000ದಿಂದ 1500 ಸಿಸಿ ಕಾರಿಗೆ ಎ ವಲಯದಲ್ಲಿ ಶೇ 3.283, ಬಿ ವಲಯದಲ್ಲಿ 3.191. ವಲಯವನ್ನು ನೋಡುವುದು ಗಾಡಿ ನೋಂದಣಿಯಾದ ಊರಿನಿಂದ. 2007ರ ಜನವರಿ 1ರಿಂದ ಒಡಿ ದರವನ್ನು ಕಂಪನಿಗಳ ಇಷ್ಟಕ್ಕೆ ಬಿಡಲಾಯಿತು. ಆದರೂ ಅನೇಕ ಕಂಪನಿಗಳು ಇವತ್ತಿಗೂ ಹಳೆಯ ದರವನ್ನೇ ಮೂಲವಾಗಿ ಇಟ್ಟುಕೊಂಡು, ಅದರ ಮೇಲೆ ತಮ್ಮ ಕಡೆಯ ರಿಯಾಯಿತಿ ಕೊಡುತ್ತವೆ. ಕಾರಿನ ಮಾದರಿ, ಊರು, ಹಿಂದಿನ ಕ್ಲೇಮುಗಳ ಅನುಭವ, ಮಾರುಕಟ್ಟೆಯ ಪೈಪೋಟಿ ನೋಡಿ ಆ ರಿಯಾಯಿತಿ ಏರಿಳಿಯುತ್ತದೆ.

ನಮ್ಮ ಲೆಕ್ಕದಲ್ಲಿ ಕಂಪನಿ ಶೇ 60 ರಿಯಾಯಿತಿ ಕೊಟ್ಟಿದೆ ಎಂದುಕೊಳ್ಳೋಣ. 4,50,000ಕ್ಕೆ ಶೇ 3.191 ಅಂದರೆ 14,359.50. ಅದರಲ್ಲಿ ಶೇ 60 ಬಿಟ್ಟರೆ 5,743.80. ಎನ್‌ಸಿಬಿ ಕಳೆಯುವುದು ಈ ಅಂಕಿಯಿಂದ.

ಎನ್‌ಸಿಬಿ ಅಂದರೆ ಕ್ಲೇಮು ಮಾಡದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿ. ಒಂದು ವರ್ಷ ಕ್ಲೇಮಿಲ್ಲದಿದ್ದರೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮುಂದೆ ಏರುವುದಿಲ್ಲ. ಮೇಷ್ಟ್ರಿಗೆ ಈ ಬಾರಿ ಶೇ 35 ಸಿಗಬೇಕು: 5,743.80ರಲ್ಲಿ 2,010 ಹೋಗಿ ಉಳಿಯುವುದು 3,733 ರೂಪಾಯಿ. ಗಮನಿಸಿ, ರಿಯಾಯಿತಿ ಒಡಿ ಪ್ರೀಮಿಯಂ ಮೇಲೆ ಮಾತ್ರ. ಥರ್ಡ್ ಪಾರ್ಟಿಯ 3,416ರಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. "ನನಗೆ ಶೇ 35 ರಿಯಾಯಿತಿ ಇದೆ, 12 ಸಾವಿರದಲ್ಲಿ 4 ಸಾವಿರ ಉಳಿಯಬೇಕಿತ್ತಲ್ಲ" ಎಂದು ಬೇಸರ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಅವರಿಗೆ ಮೋಸವಾಗಿಲ್ಲ, ರಿಯಾಯಿತಿ ಯಾವ ಅಂಕಿಯ ಮೇಲೆ ಎಂಬುದನ್ನು ಯಾರೂ ಹೇಳಿಲ್ಲ.

ಆದರೆ ಎನ್‌ಸಿಬಿಯ ಶೇಕಡಾ ಸರಿಯಿದ್ದ ಮಾತ್ರಕ್ಕೆ ಪ್ರೀಮಿಯಂ ಸರಿಯಾಗಿದೆ ಎಂದು ನಂಬಬೇಡಿ. ಕಂಪನಿಯ ಕಡೆಯ ರಿಯಾಯಿತಿ ಶೇ 60ರಿಂದ 50ಕ್ಕೆ ಇಳಿದಿದ್ದರೆ, ಶೇ 35 ಎನ್‌ಸಿಬಿ ಕಳೆದ ಮೇಲೂ ಒಡಿ 4,667 ರೂಪಾಯಿ ಆಗುತ್ತದೆ. ಅದೇ ಶೇ 60 ರಿಯಾಯಿತಿ ಇದ್ದು ತಪ್ಪಾಗಿ ಶೇ 25 ಎನ್‌ಸಿಬಿ ಹಾಕಿದ್ದರೂ ಆಗುತ್ತಿದ್ದುದು 4,308 ಮಾತ್ರ. ಕಣ್ಣಿಗೆ ಕಾಣುವ ರಿಯಾಯಿತಿಗಿಂತ ಕಾಣದ ರಿಯಾಯಿತಿಯೇ ಇಲ್ಲಿ ದೊಡ್ಡದು. ತೊಂದರೆ ಏನೆಂದರೆ ಹಲವು ಪಟ್ಟಿಗಳಲ್ಲಿ ಮೂಲ ದರವನ್ನೂ ಕಂಪನಿಯ ರಿಯಾಯಿತಿಯನ್ನೂ ಬಿಡಿಸಿ ಬರೆದಿರುವುದಿಲ್ಲ. ಬೇಸಿಕ್ ಒಡಿ ಎಂಬ ಒಂದೇ ಸಾಲು ಇರುತ್ತದೆ. ಅದಕ್ಕೊಂದು ಸುಲಭ ಉಪಾಯ: ಎನ್‌ಸಿಬಿ ಕಳೆಯುವ ಮುಂಚಿನ ಬೇಸಿಕ್ ಒಡಿ ಮೊತ್ತವನ್ನು ಐಡಿವಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಮೇಷ್ಟ್ರ ಪಟ್ಟಿಯಲ್ಲಿ 5,743.80 ಭಾಗಿಸು 4,50,000, ಅಂದರೆ ಶೇ 1.28ರ ಹತ್ತಿರ. ಇದು ಕಂಪನಿ ನಿಮ್ಮ ಗಾಡಿಗೆ ನಿಜವಾಗಿ ಹಾಕಿದ ದರ. ಹೋದ ವರ್ಷದ ಪಾಲಿಸಿಗೂ ಇದೇ ಭಾಗಾಕಾರ ಮಾಡಿ, ಬೇರೆ ಕಂಪನಿಯ ಪಟ್ಟಿಗೂ ಮಾಡಿ. ಐಡಿವಿ ಬೇರೆ ಬೇರೆ ಇದ್ದರೂ ಈ ಒಂದು ಅಂಕಿಯಿಂದ ಯಾರು ಅಗ್ಗ, ಯಾರು ದುಬಾರಿ ಎಂಬುದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ.

ಈಗ ಮೇಷ್ಟ್ರ ಪಟ್ಟಿಯನ್ನು ಮುಗಿಸಿಬಿಡೋಣ. ಹೆಚ್ಚುವರಿ ರಕ್ಷಣೆಗಳೆಂದು ಅವರು ಮೂರು ತೆಗೆದುಕೊಂಡಿದ್ದಾರೆ: ಝೀರೋ ಡೆಪ್ರಿಸಿಯೇಷನ್ 2,250, ಎಂಜಿನ್ ರಕ್ಷಣೆ 675, ದಾರಿಯಲ್ಲಿ ಕೆಟ್ಟುನಿಂತರೆ ಸಹಾಯ 150. ಈ ದರಗಳು ಕಂಪನಿಯಿಂದ ಕಂಪನಿಗೆ ಬೇರೆ. ಇಲ್ಲಿ ಝೀರೋ ಡೆಪ್ ಐಡಿವಿಯ ಶೇ 0.5, ಎಂಜಿನ್ ರಕ್ಷಣೆ ಶೇ 0.15 ಎಂದು ಹಿಡಿದಿದ್ದೇನೆ. ಮೂರೂ ಸೇರಿ 3,075. ಒಡಿ 3,733ರ ಜೊತೆ ಕೂಡಿಸಿದರೆ 6,808. ಥರ್ಡ್ ಪಾರ್ಟಿ 3,416, ಮಾಲೀಕ ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ 330, ಸಂಬಳದ ಡ್ರೈವರ್ ಹೊಣೆಗೆ 50, ಒಟ್ಟು 3,796. ಎರಡೂ ಸೇರಿ 10,604. ಅದರ ಮೇಲೆ ಶೇ 18 ಜಿಎಸ್‌ಟಿ 1,909. ಅಲ್ಲಿಗೆ 12,513. ಪಟ್ಟಿ ತಾಳೆಯಾಯಿತು. ಅಪಘಾತ ವಿಮೆಯ ಸಾಲಿನ ಬಗ್ಗೆ ಒಂದು ಮಾತು: ಮನೆಯಲ್ಲಿ ಇನ್ನೊಂದು ಗಾಡಿಗೆ ಅದೇ ವ್ಯಕ್ತಿಯ ಹೆಸರಲ್ಲಿ 15 ಲಕ್ಷದ ಈ ವಿಮೆ ಆಗಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ. ಕೇಳಿದರೆ ತೆಗೆಯುತ್ತಾರೆ, ಕೇಳದಿದ್ದರೆ ಇರುತ್ತದೆ.

ಇದೇ ಕಾರಿಗೆ ಇನ್ನೊಬ್ಬ ಏಜೆಂಟರು 11,640 ರೂಪಾಯಿಗೆ ಮಾಡಿಕೊಡುತ್ತೇನೆ ಎಂದರೆ? 873 ರೂಪಾಯಿ ಉಳಿತಾಯ. ಯಾರಿಗಾದರೂ ಆಸೆಯಾಗುವ ಮೊತ್ತ. ಪಟ್ಟಿ ತೆಗೆದು ನೋಡಿದರೆ ಐಡಿವಿ 4,50,000 ಇದ್ದದ್ದು 4,00,000 ಆಗಿದೆ. ದರ ಅದೇ ಶೇ 1.28. ಏನೂ ಅಗ್ಗವಾಗಿಲ್ಲ, ಕೊಳ್ಳುವ ಸರಕು ಕಡಿಮೆಯಾಗಿದೆ. ನಾಳೆ ಕಾರು ಕಳುವಾದರೆ 873 ರೂಪಾಯಿಗೆ ಬದಲಾಗಿ ಹೋಗುವುದು 50,000. ಬ್ಯಾಂಕಿನ ಸಾಲ ಬಾಕಿ ಇರುವ ಕಾರಾದರೆ ಪರಿಹಾರದ ಹಣ ಮೊದಲು ಸಾಲಕ್ಕೆ ಹೋಗುತ್ತದೆ, ಆಗ ಈ ಐವತ್ತು ಸಾವಿರದ ಕೊರತೆ ಮಾಲೀಕರ ಕೈಯಿಂದಲೇ. ಐಡಿವಿಯನ್ನು ಬೇಕಾಬಿಟ್ಟಿ ಏರಿಸುವುದರಲ್ಲೂ ಲಾಭವಿಲ್ಲ. ಒಂದು ಬಂಪರ್ ಬದಲಿಸಲು ಐಡಿವಿ ಎಷ್ಟಿದ್ದರೂ ಬಂಪರಿನ ಬೆಲೆಯೇ ಸಿಗುವುದು.

ಪ್ರೀಮಿಯಂ ಇಳಿಸುವ ಇನ್ನೊಂದು ದಾರಿ ವಾಲಂಟರಿ ಡಿಡಕ್ಟಿಬಲ್ ಎಂಬ ಸಾಲು. ಪ್ರತಿ ಕ್ಲೇಮಿನಲ್ಲೂ 1500 ಸಿಸಿವರೆಗಿನ ಕಾರಿನ ಮಾಲೀಕರು 1,000 ರೂಪಾಯಿ ತಾವೇ ಹಾಕಬೇಕು, ಅದು ಕಡ್ಡಾಯ. ಅದರ ಮೇಲೆ ಇನ್ನೂ 2,500 ನಾನೇ ಹಾಕುತ್ತೇನೆ ಎಂದು ಒಪ್ಪಿಕೊಂಡರೆ ಒಡಿಯಲ್ಲಿ ಸ್ವಲ್ಪ ಬಿಡುತ್ತಾರೆ. ಹಳೆಯ ದರಪಟ್ಟಿಯಲ್ಲಿ ಇದಕ್ಕೆ ಶೇ 20, ಹೆಚ್ಚೆಂದರೆ 750 ರೂಪಾಯಿ ಎಂದಿತ್ತು. ತಿಳಿದು ಒಪ್ಪಿದರೆ ತಪ್ಪಿಲ್ಲ. ಆದರೆ ಕೇಳದೆಯೇ ಅದನ್ನು ಸೇರಿಸಿದ ಪಟ್ಟಿ ಕೈಗೆ ಬಂದರೆ, ಗ್ಯಾರೇಜಿನಲ್ಲಿ ನಿಂತಾಗ ಸಾವಿರದ ಬದಲು ಮೂರೂವರೆ ಸಾವಿರ ಕೇಳುವಾಗಲೇ ಗೊತ್ತಾಗುವುದು. ಆ ಸಾಲಿನಲ್ಲಿ ಸೊನ್ನೆ ಇದೆಯೇ ಎಂದು ಹಣ ಕಟ್ಟುವ ಮುಂಚೆಯೇ ನೋಡಿ.

ಹೆಚ್ಚುವರಿ ರಕ್ಷಣೆಗಳಲ್ಲಿ ಜನರಿಗೆ ಹೆಚ್ಚು ಪರಿಚಯ ಇರುವುದು ಬಂಪರ್ ಟು ಬಂಪರ್ ಎಂದು ಕರೆಯುವ ಝೀರೋ ಡೆಪ್. ಅದರ ಬಗ್ಗೆ ತಪ್ಪು ತಿಳಿವಳಿಕೆಯೂ ಅಷ್ಟೇ ಹೆಚ್ಚು. ಝೀರೋ ಡೆಪ್ ಇದ್ದರೆ ಕಾರು ಕಳುವಾದಾಗ ಹೊಸ ಕಾರಿನ ಬೆಲೆ ಸಿಗುತ್ತದೆ ಎಂದುಕೊಂಡವರು ಬಹಳ. ಹಾಗಲ್ಲ. ಸವಕಳಿ ಎರಡು ಕಡೆ ಬರುತ್ತದೆ. ಒಂದು, ಐಡಿವಿ ನಿಗದಿ ಮಾಡುವಾಗ ಇಡೀ ಗಾಡಿಯ ಮೇಲೆ. ಇನ್ನೊಂದು, ರಿಪೇರಿಯಲ್ಲಿ ಹೊಸ ಭಾಗ ಹಾಕಿದಾಗ ಆ ಭಾಗದ ಮೇಲೆ. ಝೀರೋ ಡೆಪ್ ತೆಗೆದುಹಾಕುವುದು ಎರಡನೆಯದನ್ನು ಮಾತ್ರ. ಗಾಡಿ ಪೂರ್ತಿ ಹೋದರೆ ಆಗಲೂ ಐಡಿವಿಯೇ. ಆ ಅಂತರವನ್ನು ತುಂಬಿಕೊಡುವುದು ರಿಟರ್ನ್ ಟು ಇನ್‌ವಾಯ್ಸ್ ಎಂಬ ಬೇರೆ ರಕ್ಷಣೆ. ಅದನ್ನು ಸಾಮಾನ್ಯವಾಗಿ ಹೊಸ ಗಾಡಿಗಳಿಗೆ ಮಾತ್ರ ಕೊಡುತ್ತಾರೆ.

ಎರಡನೇ ಸವಕಳಿ ಎಷ್ಟು ಭಾರ ಎಂದು ಅಂಕಿಯಲ್ಲೇ ನೋಡೋಣ. ಮೇಷ್ಟ್ರ ಕಾರಿನ ಮುಂಭಾಗ ಎಲ್ಲೋ ತಗುಲಿ 30,000 ಬಿಲ್ಲಾಯಿತು ಅಂದುಕೊಳ್ಳಿ. ಬಂಪರ್ 4,000, ಹೆಡ್‌ಲೈಟ್ 5,000, ಬಾನೆಟ್ 8,000, ಪೇಂಟಿಂಗ್ 10,000, ಕೂಲಿ 3,000. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳಿಗೆ ಗಾಡಿ ಎಷ್ಟೇ ಹೊಸದಾಗಿರಲಿ ಅರ್ಧ ಕಡಿತ. ಹಾಗಾಗಿ ಬಂಪರಿನಲ್ಲಿ 2,000, ಪ್ಲಾಸ್ಟಿಕ್ ಹೆಡ್‌ಲೈಟಿನಲ್ಲಿ 2,500 ಹೋಯಿತು. ಲೋಹದ ಭಾಗಕ್ಕೆ ವಯಸ್ಸು ನೋಡುತ್ತಾರೆ. ಮೂರು ದಾಟಿ ನಾಲ್ಕರೊಳಗಿನ ಗಾಡಿಗೆ ಶೇ 25, ಅಂದರೆ ಬಾನೆಟ್‌ನಲ್ಲಿ 2,000. ಪೇಂಟಿಂಗ್ ಬಿಲ್ ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಇಲ್ಲಿ 1,250. ಕೂಲಿಗೆ ಸವಕಳಿ ಇಲ್ಲ. ಗಾಜಿಗೂ ಇಲ್ಲ. ಒಟ್ಟು ಕಡಿತ 7,750, ಜೊತೆಗೆ ಕಡ್ಡಾಯದ 1,000. ಝೀರೋ ಡೆಪ್ ಇಲ್ಲದಿದ್ದರೆ ಸಿಗುವುದು 21,250, ಇದ್ದರೆ 29,000. ತೆರಿಗೆ ಸೇರಿ 2,655 ರೂಪಾಯಿಯ ರಕ್ಷಣೆ ಒಂದೇ ಸಲಕ್ಕೆ 7,750 ಉಳಿಸಿತು. ಪ್ಲಾಸ್ಟಿಕ್ಕೇ ಮೈಯೆಲ್ಲ ಆಗಿರುವ ಈಗಿನ ಕಾರುಗಳಿಗೆ, ಅದರಲ್ಲೂ ಊರೊಳಗಿನ ಇಕ್ಕಟ್ಟಿನಲ್ಲಿ ಓಡಾಡುವವರಿಗೆ ಮೊದಲ ಐದು ವರ್ಷ ಝೀರೋ ಡೆಪ್ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ಇಂಥ ಎಷ್ಟು ಕ್ಲೇಮಿಗೆ ಅವಕಾಶ ಎಂಬ ಮಿತಿಯನ್ನು ಪಾಲಿಸಿಯಲ್ಲಿ ಓದಿಕೊಳ್ಳಿ, ಅನೇಕ ಕಂಪನಿಗಳು ಮಿತಿ ಇಟ್ಟಿರುತ್ತವೆ.

ಎಂಜಿನ್ ರಕ್ಷಣೆ ಹಾಗೆ ಎಲ್ಲರಿಗೂ ಬೇಕಾದದ್ದಲ್ಲ. ಪ್ರವಾಹದ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲೇ ಜಾಗವಿದೆ. ಆದರೆ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ನಿಗೆ ನೀರು ಎಳೆದು ಕೆಟ್ಟರೆ, ಅದು ಅಪಘಾತದ ನೇರ ಹಾನಿಯಲ್ಲ ಎಂದು ಹಣ ಕೊಡುವುದಿಲ್ಲ. ಬೆಂಗಳೂರಿನ ಅಂಡರ್‌ಪಾಸುಗಳಲ್ಲಿ, ಕರಾವಳಿಯ ಮಳೆಯಲ್ಲಿ ಓಡಾಡುವವರಿಗೆ ಈ ರಕ್ಷಣೆ ಬೇಕು. ಬಯಲುಸೀಮೆಯಲ್ಲಿ ಶಾಲೆಗೂ ಮನೆಗೂ ಮಾತ್ರ ಕಾರು ಓಡಿಸುವ ಮೇಷ್ಟ್ರು ಆ 675 ಉಳಿಸಿದರೂ ನಡೆಯುತ್ತದೆ.

ಇನ್ನು ಕ್ಲೇಮು ಮಾಡಬೇಕೇ ಬೇಡವೇ ಎಂಬ ಪ್ರಶ್ನೆ. ಇದಕ್ಕೂ ಇದೇ ಪಟ್ಟಿಯಲ್ಲಿ ಉತ್ತರ ಇದೆ. ಮೇಷ್ಟ್ರ ಕಾರಿಗೆ 6,000 ರೂಪಾಯಿಯ ಒಂದು ಸಣ್ಣ ಕೆಲಸ ಬಂತು. ಝೀರೋ ಡೆಪ್ ಇರುವುದರಿಂದ ಕ್ಲೇಮು ಮಾಡಿದರೆ ಸಾವಿರ ಕಳೆದು 5,000 ಕೈಗೆ ಬರುತ್ತದೆ. ಆದರೆ ಮುಂದಿನ ವರ್ಷ ಶೇ 45 ಆಗಬೇಕಿದ್ದ ಎನ್‌ಸಿಬಿ ಸೊನ್ನೆಗೆ ಬೀಳುತ್ತದೆ. ಆಗ ಐಡಿವಿ 3,75,000, ಎನ್‌ಸಿಬಿಗೆ ಮುಂಚಿನ ಒಡಿ 4,787. ಅದರ ಶೇ 45, ತೆರಿಗೆ ಸೇರಿ, ಸುಮಾರು 2,540 ರೂಪಾಯಿ. ಅದರ ಮರುವರ್ಷ ಶೇ 50 ಸಿಗುವ ಕಡೆ 20 ಮಾತ್ರ. ಅಲ್ಲಿ ಇನ್ನೊಂದು ಒಂದೂವರೆ ಸಾವಿರ ಹೋಗುತ್ತದೆ. ಮೊದಲೆರಡು ವರ್ಷದಲ್ಲೇ ನಾಲ್ಕು ಸಾವಿರ ಕೈಬಿಟ್ಟಿತು. ಆಮೇಲೂ 25, 35, 45 ಎಂದು ಮೆಟ್ಟಿಲು ಹತ್ತಿ 50 ತಲಪುವವರೆಗೆ ಪ್ರತಿ ವರ್ಷ ಒಂದಿಷ್ಟು ಹೋಗುತ್ತಲೇ ಇರುತ್ತದೆ. ಬರುವ ಐದು ಸಾವಿರಕ್ಕೂ ಹೋಗುವುದಕ್ಕೂ ಸರಿಸಮ, ಹೆಚ್ಚುಕಮ್ಮಿ ನಷ್ಟವೇ. ಹದಿನೈದು ಸಾವಿರದ ಕೆಲಸವಾದರೆ ಹಿಂದೆಮುಂದೆ ನೋಡದೆ ಕ್ಲೇಮು ಮಾಡಬಹುದು. ಗ್ಯಾರೇಜಿನವರು "ಇನ್ಶೂರೆನ್ಸ್ ಇದೆಯಲ್ಲ, ಹಾಕಿಬಿಡೋಣ ಬಿಡಿ ಸಾರ್" ಎಂದಾಗ ನಿಮ್ಮ ಪಾಲಿಸಿಯ ಬೇಸಿಕ್ ಒಡಿ ಎಷ್ಟು ಎಂಬುದು ನೆನಪಿದ್ದರೆ ಅಲ್ಲೇ ನಿಂತು ತೀರ್ಮಾನ ಮಾಡಬಹುದು.

ಕ್ಲೇಮು ಮಾಡಿದ ಮೇಲೆ ಮುಂದಿನ ವರ್ಷ ಬೇರೆ ಕಂಪನಿಗೆ ಹೋಗಿ "ಕ್ಲೇಮಿಲ್ಲ" ಎಂದು ಬರೆಸಿ ರಿಯಾಯಿತಿ ಪಡೆಯುವ ದಾರಿಯನ್ನು ಕೆಲವರು ತೋರಿಸುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಹೊಸ ಕಂಪನಿ ಹಳೆಯ ಕಂಪನಿಯಲ್ಲಿ ವಿಚಾರಿಸುತ್ತದೆ. ಸುಳ್ಳು ಎಂದು ಗೊತ್ತಾದರೆ ಒಡಿ ಭಾಗದ ಎಲ್ಲ ಪ್ರಯೋಜನವೂ ಹೋಗುತ್ತದೆ. ಘೋಷಣಾ ಪತ್ರದಲ್ಲೇ ಆ ಷರತ್ತಿದೆ. ನೀವು ಹೇಳದಿದ್ದರೂ ಏಜೆಂಟರೇ ಹಾಗೆ ತುಂಬಿಬಿಟ್ಟಿರಬಹುದು. ಆದ್ದರಿಂದ ಪಟ್ಟಿಯಲ್ಲಿ ಎನ್‌ಸಿಬಿ ಕಡಿಮೆ ಬಂದಾಗ ಮಾತ್ರವಲ್ಲ, ಸಲ್ಲಬೇಕಾದ್ದಕ್ಕಿಂತ ಹೆಚ್ಚು ಬಂದಾಗಲೂ ತಿದ್ದಿಸಿ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಕೂಡಿಟ್ಟ ಎನ್‌ಸಿಬಿ ಹೋಗುತ್ತದೆ.

ಕಾರು ಮಾರುವವರು ಕೈಬಿಡುವ ದುಡ್ಡೂ ಒಂದಿದೆ. ಎನ್‌ಸಿಬಿ ಸೇರಿದ್ದು ಮಾಲೀಕರಿಗೆ, ಗಾಡಿಗಲ್ಲ. ಮೇಷ್ಟ್ರು ಈ ಕಾರನ್ನು ಮಾರಿದರೆ, ಕೊಂಡವರಿಗೆ ಆ ಶೇ 35 ಸಿಗುವುದಿಲ್ಲ. ಮೇಷ್ಟ್ರು ಅದನ್ನು ತಮ್ಮ ಹೊಸ ಕಾರಿಗೆ ಒಯ್ಯಬಹುದು. ಹಳೆಯ ಕಾರಿನ ಮಾರಾಟದ ದಾಖಲೆ ಕೊಟ್ಟು ವಿಮಾ ಕಂಪನಿಯಿಂದ ಎನ್‌ಸಿಬಿ ಉಳಿಸಿಕೊಂಡ ಪತ್ರ ಪಡೆಯಬೇಕು, ಅದು ಮೂರು ವರ್ಷ ನಡೆಯುತ್ತದೆ. ಹೊಸ ಕಾರಿನ ಬೆಲೆ 12 ಲಕ್ಷ, ಶೇ 5 ಸವಕಳಿ ಕಳೆದು ಐಡಿವಿ 11,40,000, ಅದೇ ಶೇ 3.191 ದರ, ಕಂಪನಿಯ ರಿಯಾಯಿತಿ ಶೇ 40 ಎಂದರೆ ಒಡಿ 21,826 ಆಗುತ್ತದೆ. ಅದರಲ್ಲಿ ಶೇ 35 ಎಂದರೆ 7,639 ರೂಪಾಯಿ, ತೆರಿಗೆ ಬೇರೆ. ಹೊಸ ಕಾರು ಬುಕ್ ಮಾಡುವಾಗ ಷೋರೂಮಿನವರು ವಿಮೆಯ ಪಟ್ಟಿಯನ್ನು ತಾವೇ ತಯಾರಿಸಿ ಕೊಡುತ್ತಾರೆ, ಅದರಲ್ಲಿ ಎನ್‌ಸಿಬಿ ಸಾಲು ಸೊನ್ನೆ ಇರುತ್ತದೆ. ಪತ್ರ ಕೈಯಲ್ಲಿದ್ದರೆ ಹಣ ಕಟ್ಟುವ ಮುಂಚೆಯೇ ಆ ಸೊನ್ನೆಯನ್ನು ತಿದ್ದಿಸಬೇಕು.